"ಬರೀ ವೈನ್" ಎನ್ನುವವರ ಗ್ಲಾಸಿನ ಲೆಕ್ಕ

ನಿನ್ನೆ ರಾತ್ರಿ ಊಟಕ್ಕೆ ಸೇರಿದ್ದಾಗ ಗೆಳತಿಯೊಬ್ಬಳು ಎರಡನೆಯ ಸಲ ಗ್ಲಾಸು ತುಂಬಿಸಿಕೊಳ್ಳುತ್ತಾ, "ನಾನೇನು ಕುಡಿಯುವವಳಲ್ಲ, ಬರೀ ವೈನ್ ಅಷ್ಟೇ. ಕುಡಿದು ಕ್ಯಾನ್ಸರ್ ಬರುವುದು ಲಿವರ್ ಕೆಡಿಸಿಕೊಂಡ ಕುಡುಕರಿಗೆ" ಎಂದಳು. ಸುತ್ತಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ದಿನವಿಡೀ ಗಡ್ಡೆಯ ಚೂರುಗಳನ್ನು ಮೈಕ್ರೋಸ್ಕೋಪಿನಡಿ ನೋಡುವುದೇ ನನ್ನ ಕಸುಬೆಂದು ನಿಮಗೆಲ್ಲ ಗೊತ್ತು. ಆದರೂ ಉಣ್ಣುವ ಹೊತ್ತಿನಲ್ಲಿ ಪಾಠವೇಕೆಂದು ಸುಮ್ಮನೆ ಕುಳಿತಿದ್ದೆ. ಆ ಸುಮ್ಮನಿರುವಿಕೆಗೆ ಈಗ ನನ್ನ ಮೇಲೇ ಸಿಟ್ಟು ಬಂದಿದೆ.

ಬರೀ ವೈನ್ ಎಂದರೇನು? ಶೇ. 12ರ ವೈನ್ 150 ಮಿ.ಲೀ., ಶೇ. 5ರ ಬಿಯರ್ 330 ಮಿ.ಲೀ., ಶೇ. 40ರ ವಿಸ್ಕಿ 45 ಮಿ.ಲೀ. ಇವುಗಳಲ್ಲಿ ಯಾವುದನ್ನು ಕುಡಿದರೂ ಹೊಟ್ಟೆಗೆ ಹೋಗುವುದು ಸುಮಾರು 13-14 ಗ್ರಾಂ ಎಥನಾಲ್, ಅಂದರೆ ಮದ್ಯಸಾರ. ಇದನ್ನೇ ಒಂದು ಪ್ರಮಾಣ ಎಂದು ಎಣಿಸೋಣ. ದೇಹ ಬಾಟಲಿಯ ಚೀಟಿಯನ್ನು ಓದುವುದಿಲ್ಲ. ಅದು ಎಥನಾಲನ್ನು ಮೊದಲು ಅಸಿಟಾಲ್ಡಿಹೈಡ್ ಆಗಿ ಒಡೆಯುತ್ತದೆ, ಆಮೇಲೆ ಅದನ್ನು ನಿರುಪದ್ರವಿ ಅಸಿಟೇಟ್ ಆಗಿ ಬದಲಿಸುತ್ತದೆ. ಈ ನಡುವಿನ ಅಸಿಟಾಲ್ಡಿಹೈಡ್ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೆಡಿಸಬಲ್ಲದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ ಸೇರಿಸಿದ್ದು 1988ರಲ್ಲಿ. ಅಲ್ಲಿ ವೈನಿಗೆಂದು ಬೇರೆ ಸಾಲೇನೂ ಇಲ್ಲ.

ಲಿವರ್ ಪಟ್ಟಿಯಲ್ಲಿರುವುದು ನಿಜ. ಆದರೆ ಅದರ ಜೊತೆಗೆ ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ದೊಡ್ಡಕರುಳು ಮತ್ತು ಹೆಂಗಸರ ಸ್ತನ ಕೂಡ ಇವೆ. ಲಿವರ್ ಮತ್ತು ದೊಡ್ಡಕರುಳಿನ ವಿಷಯದಲ್ಲಿ ಅಪಾಯ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ದಿನಕ್ಕೆ ಎರಡು-ಮೂರು ಪ್ರಮಾಣ ದಾಟಿದ ಮೇಲೆ. ಬಾಯಿ, ಗಂಟಲುಗಳಲ್ಲಿ ಅದು ಕಡಿಮೆ ಕುಡಿಯುವವರಲ್ಲೂ ಏರುತ್ತದೆ. ವಿಪರೀತ ಕುಡಿಯುವವರಲ್ಲಿ ಸುಮಾರು ಐದು ಪಟ್ಟಾಗುತ್ತದೆ, ಜೊತೆಗೆ ಸಿಗರೇಟೂ ಇದ್ದರೆ ಇನ್ನೂ ಹಲವು ಪಟ್ಟು ಮೇಲೇರುತ್ತದೆ. ಸ್ತನದ ವಿಷಯದಲ್ಲಿಯೂ "ಇಷ್ಟರವರೆಗೆ ಪರವಾಗಿಲ್ಲ" ಎನ್ನಬಹುದಾದ ಗೆರೆ ಸಿಕ್ಕಿಲ್ಲ. ಮದ್ಯವು ಈಸ್ಟ್ರೋಜನ್ ಹಾರ್ಮೋನಿನ ಮಟ್ಟವನ್ನೂ ಏರಿಸುವುದು ಇದಕ್ಕೆ ಒಂದು ಕಾರಣ. ಲಿವರಿನ ಹೆಸರು ಹೇಳಿ ನಿಶ್ಚಿಂತಳಾದ ನನ್ನ ಗೆಳತಿಗೆ ಈ ಒಂದು ಅಂಗದ ಹೆಸರನ್ನು ಯಾರೂ ಹೇಳಿರಲಿಲ್ಲ.

ಹಾಗಾದರೆ ಎಷ್ಟಕ್ಕೆ ಎಷ್ಟು? ಅಮೆರಿಕ ಸರ್ಕಾರದ ಮುಖ್ಯ ಆರೋಗ್ಯ ಸಲಹೆಗಾರರಾದ ಸರ್ಜನ್ ಜನರಲ್ 2025ರ ಜನವರಿಯಲ್ಲಿ ಹೊರಡಿಸಿದ ಸೂಚನೆಯಲ್ಲಿ ಇದರ ಅಂದಾಜಿದೆ. ವಾರಕ್ಕೆ ಒಂದು ಪ್ರಮಾಣಕ್ಕಿಂತ ಕಡಿಮೆ ಕುಡಿಯುವ ನೂರು ಹೆಂಗಸರಲ್ಲಿ ಜೀವಮಾನದಲ್ಲಿ ಸುಮಾರು 11 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ದಿನಕ್ಕೊಂದು ಪ್ರಮಾಣ ಕುಡಿಯುವ ನೂರು ಮಂದಿಯಲ್ಲಿ ಆ ಸಂಖ್ಯೆ 13, ದಿನಕ್ಕೆರಡು ಕುಡಿಯುವವರಲ್ಲಿ 15. ಕುಡಿಯದವರಿಗೂ ಬರುತ್ತದೆ, ಕುಡಿದವರಲ್ಲಿ ಹೆಚ್ಚಿನವರಿಗೆ ಬರುವುದಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ. ನೂರರಲ್ಲಿ ಎರಡು ತಾನೇ ಎನ್ನುವವರು ಎನ್ನಲಿ. ಆ ಎರಡರ ಸ್ಲೈಡುಗಳು ನನ್ನ ಮೇಜಿಗೆ ಬರುತ್ತವೆ, ಮತ್ತು ಯಾವ ಸ್ಲೈಡಿನ ಮೇಲೂ "ಇದು ವೈನಿನಿಂದ ಬಂದದ್ದು" ಎಂದು ಬರೆದಿರುವುದಿಲ್ಲ.

"ಆದರೆ ಹೃದಯಕ್ಕೆ ಒಳ್ಳೆಯದಂತಲ್ಲ?" ಎಂದು ಕೇಳುವವರು ಈಗಾಗಲೇ ಟೈಪು ಮಾಡಲು ಶುರುಮಾಡಿರುತ್ತಾರೆ. ಹಳೆಯ ಅಧ್ಯಯನಗಳಲ್ಲಿ ಸ್ವಲ್ಪ ಕುಡಿಯುವವರು ಏನೂ ಕುಡಿಯದವರಿಗಿಂತ ಗಟ್ಟಿಯಾಗಿ ಕಂಡದ್ದು ನಿಜ. ಆದರೆ ಅವುಗಳಲ್ಲಿ ಹಲವು, ಕಾಯಿಲೆ ಬಿದ್ದು ಕುಡಿತ ಬಿಟ್ಟವರನ್ನೂ "ಕುಡಿಯದವರ" ಸಾಲಿಗೇ ಸೇರಿಸಿದ್ದವು. ರೋಗಿಗಳ ಪಕ್ಕ ನಿಲ್ಲಿಸಿದರೆ ಯಾರು ತಾನೇ ಗಟ್ಟಿಮುಟ್ಟಾಗಿ ಕಾಣುವುದಿಲ್ಲ? ಒಂದು ವೇಳೆ ಹೃದಯಕ್ಕೆ ಏನಾದರೂ ಲಾಭವಿದ್ದರೂ ಸ್ತನ ಕ್ಯಾನ್ಸರಿನ ಲೆಕ್ಕದಿಂದ ಅದನ್ನು ಕಳೆಯಲು ಬರುವುದಿಲ್ಲ.

ಇಷ್ಟೆಲ್ಲ ಗದರಿಸಿದ ಮೇಲೆ ನನ್ನದನ್ನೂ ಒಪ್ಪಿಕೊಳ್ಳುತ್ತೇನೆ. ಹಲವು ವರ್ಷ ನಾನೂ ರಾತ್ರಿ "ಒಂದೇ ಗ್ಲಾಸ್" ಎನ್ನುತ್ತಿದ್ದವಳೇ. ಒಂದು ದಿನ ಎಂದಿನಂತೆ ಸುರಿದುಕೊಂಡ ವೈನನ್ನು ಅಡುಗೆಮನೆಯ ಅಳತೆಪಾತ್ರೆಗೆ ಬಗ್ಗಿಸಿ ನೋಡಿದೆ: 240 ಮಿ.ಲೀ. ಅದರ ಶೇ. 12 ಎಂದರೆ ಸುಮಾರು 29 ಮಿ.ಲೀ. ಎಥನಾಲ್, ಅದನ್ನು ಎಥನಾಲಿನ ಸಾಂದ್ರತೆಯಾದ 0.79ರಿಂದ ಗುಣಿಸಿದರೆ ಹತ್ತಿರಹತ್ತಿರ 23 ಗ್ರಾಂ. ನನ್ನ ಒಂದು ಗ್ಲಾಸು ಲೆಕ್ಕದ ಪ್ರಕಾರ ಒಂದೂವರೆ ಪ್ರಮಾಣಕ್ಕೂ ಹೆಚ್ಚಾಗಿತ್ತು, ಗ್ಲಾಸು ಮಾತ್ರ ಅರ್ಧವೂ ತುಂಬಿರಲಿಲ್ಲ. ನಿನ್ನೆ ಗೆಳತಿಯ ಕೈಯಲ್ಲಿದ್ದದ್ದೂ ಅಂಥದ್ದೇ ಅಗಲ ಹೊಟ್ಟೆಯ ಗ್ಲಾಸು. ನಾಳೆ ಅವಳ ಮನೆಗೆ ಹೋಗುವಾಗ ನನ್ನ ಅಳತೆಪಾತ್ರೆಯನ್ನೂ ಒಯ್ಯುತ್ತೇನೆ, ಬೈದರೆ ಬೈಯಲಿ.