50+20 ಅಂದರೆ 70 ಅಲ್ಲ

ಆಷಾಢ ಬಂತು, ಬಟ್ಟೆ ಅಂಗಡಿಗಳ ಮುಂದೆ ಬೋರ್ಡೂ ಬಂತು. ಹೋದ ವಾರ ಅತ್ತಿಗೆ ಜೊತೆ ಸೀರೆ ತರೋಕೆ ಹೋಗಿದ್ದೆ. ರಸ್ತೆಯ ಈ ಕಡೆ ಅಂಗಡಿಯಲ್ಲಿ ‘50%+20%’ ಅಂತ ಬರೆದಿತ್ತು. ಎದುರಿನ ಅಂಗಡಿಯಲ್ಲಿ ‘ಫ್ಲಾಟ್ 60%’. ಅತ್ತಿಗೆ ಒಂದು ಕ್ಷಣವೂ ಯೋಚಿಸಲಿಲ್ಲ. “ಇಲ್ಲಿ ಎಪ್ಪತ್ತು, ಅಲ್ಲಿ ಅರವತ್ತು. ನಡಿ ಒಳಗೆ” ಅಂದರು.

ಅವರು ಆರಿಸಿದ ಸೀರೆಯ ಟ್ಯಾಗ್ 6,400 ರೂಪಾಯಿ. ಮೊದಲು ಅರ್ಧ ಹೋಯಿತು, 3,200 ಉಳಿಯಿತು. ಎರಡನೇ 20% ಈ 3,200ರ ಮೇಲೆ, ಅಂದರೆ 640. ಬಿಲ್ 2,560. ಎದುರಿನ ಅಂಗಡಿಯಲ್ಲಿ ಇದೇ ಟ್ಯಾಗಿನ ಸೀರೆಗೆ 60% ಕಳೆದರೂ ಅದೇ 2,560! ಒಂದು ಪೈಸೆಯೂ ವ್ಯತ್ಯಾಸವಿಲ್ಲ. ಎರಡನೇ ಸಲ ಕಳೆಯುವ ಹೊತ್ತಿಗೆ ಸೀರೆ ಅರ್ಧ ಬೆಲೆಗೆ ಇಳಿದಿತ್ತು. ಹಾಗಾಗಿ ಬೋರ್ಡಿನ ಇಪ್ಪತ್ತು ನಮ್ಮ ಜೇಬಿಗೆ ಬರುವಾಗ ಹತ್ತಾಗಿತ್ತು.

ಇದಕ್ಕೆ ಸೂತ್ರ ಬೇಕಿಲ್ಲ. ಎಷ್ಟು ಹೋಯಿತು ಅಂತ ನೋಡಬೇಡಿ, ರೂಪಾಯಿಗೆ ಎಷ್ಟು ಪೈಸೆ ಕೊಡಬೇಕು ಅಂತ ನೋಡಿ. ಐವತ್ತು ಕಳೆದರೆ 50 ಪೈಸೆ ಉಳಿಯಿತು. ಅದರಲ್ಲಿ ಇಪ್ಪತ್ತು ಪರ್ಸೆಂಟ್ ಹೋದರೆ 40 ಪೈಸೆ. ನಲವತ್ತು ಕೊಟ್ಟೆವು, ಅರವತ್ತು ಉಳಿಸಿದೆವು. ಮೊದಲು ಇಪ್ಪತ್ತು ಕಳೆದು ಆಮೇಲೆ ಐವತ್ತು ಕಳೆದರೂ ಅದೇ 40 ಪೈಸೆ. (ಒಂದು ರಿಯಾಯಿತಿ ಪರ್ಸೆಂಟಿನದು, ಇನ್ನೊಂದು ‘500 ರೂಪಾಯಿ ಕೂಪನ್’ ಆಗಿದ್ದರೆ ಮಾತ್ರ ಕ್ರಮ ಮುಖ್ಯ. ಪರ್ಸೆಂಟ್ ಮೊದಲು ಕಳೆಯಲಿ. ಕೂಪನ್ ಮೊದಲು ಹಾಕಿದರೆ, 20% ಇರುವ ಕಡೆ ನಿಮಗೆ 100 ರೂಪಾಯಿ ನಷ್ಟ.)

ಅಂಗಡಿಯವರು ಸುಳ್ಳು ಹೇಳಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಸರಿಯಾಗಿಯೇ ಇದೆ. ನನ್ನ ತಕರಾರು ಆ ಪ್ಲಸ್ ಚಿಹ್ನೆಯ ಮೇಲೆ. ಎರಡೂ ರಿಯಾಯಿತಿ ಬಂದವರಿಗೆಲ್ಲ ಸಿಗುತ್ತದೆ, ಯಾವ ಷರತ್ತೂ ಇಲ್ಲ. ಹಾಗಿದ್ದ ಮೇಲೆ ಸುಮ್ನೆ 60 ಅಂತ ಬರೆಯಬಹುದಿತ್ತು ಅಲ್ವಾ? ಪ್ಲಸ್ ಕಂಡರೆ ನಾವು ಕೂಡುತ್ತೇವೆ, ಅದಕ್ಕೇ ಅದು ಅಲ್ಲಿದೆ.

ಹೋಲ್‌ಸೇಲ್ ವ್ಯಾಪಾರದಲ್ಲಿ ಇದೇ ಪ್ಲಸ್‌ಗೆ ನಿಜವಾದ ಕೆಲಸವಿದೆ. ಮನೆ ಕಟ್ಟಿಸುವಾಗ ಅದು ನನಗೆ ಗೊತ್ತಾಯಿತು. ವೈರು, ಸ್ವಿಚ್ಚು ಎಲ್ಲ ಸೇರಿ ಲಿಸ್ಟ್ ಪ್ರೈಸ್ 80,000 ಆಗಿತ್ತು. ಒಬ್ಬ ಎಲೆಕ್ಟ್ರಿಕಲ್ ಅಂಗಡಿಯವರು “ನಲವತ್ತು ಪ್ಲಸ್ ಹತ್ತು ಕೊಡ್ತೀನಿ” ಅಂದರು. ಇನ್ನೊಬ್ಬರು “ನಲವತ್ತೈದು ಪ್ಲಸ್ ಐದು”. ಇಬ್ಬರ ದರದಲ್ಲೂ ಜಿಎಸ್‌ಟಿ ಸೇರಿರಲಿಲ್ಲ. ಕೂಡಿದರೆ ಎರಡೂ ಐವತ್ತೇ, ಯಾರಾದರೇನು ಅಂದುಕೊಂಡಿದ್ದೆ. ಮನೆಗೆ ಬಂದು ಪೈಸೆ ಲೆಕ್ಕ ಹಾಕಿದೆ. ಮೊದಲನೆಯವರದು 60 ಪೈಸೆಯಲ್ಲಿ ಹತ್ತು ಪರ್ಸೆಂಟ್ ಹೋಗಿ 54 ಪೈಸೆ, ಅಂದರೆ 43,200. ಎರಡನೆಯವರದು 55 ಪೈಸೆಯಲ್ಲಿ ಐದು ಪರ್ಸೆಂಟ್ ಹೋಗಿ 52 ಕಾಲು ಪೈಸೆ, ಅಂದರೆ 41,800. ಮೊತ್ತ ಒಂದೇ ಆದರೂ 1,400 ರೂಪಾಯಿ ಅಂತರ!

ಯಾಕೆ ಅಂದರೆ, ನಾವು ಕೂಡಿದ್ದಕ್ಕಿಂತ ಎಷ್ಟು ಕಡಿಮೆ ಸಿಗುತ್ತದೆ ಅನ್ನುವುದು ಎರಡು ರಿಯಾಯಿತಿಗಳ ಗುಣಾಕಾರ. 40ರ ಹತ್ತು ಪರ್ಸೆಂಟ್ 4, ಹಾಗಾಗಿ 50ರ ಬದಲು 46. 45ರ ಐದು ಪರ್ಸೆಂಟ್ ಎರಡು ಕಾಲು, ಹಾಗಾಗಿ 47 ಮುಕ್ಕಾಲು. ಎರಡೂ ರಿಯಾಯಿತಿ ಸಮ ಆದಷ್ಟೂ ನಮಗೆ ಪೆಟ್ಟು ಜಾಸ್ತಿ. 25+25 ಅಂದಿದ್ದರೆ 44ಕ್ಕೂ ಕಡಿಮೆ ಸಿಗುತ್ತಿತ್ತು.

ಖುಷಿಯಿಂದ ಎರಡನೆಯವರ ಹತ್ತಿರ ಆರ್ಡರ್ ಕೊಡೋಕೆ ಹೋದೆ. “ಸರ್, ಆ ಐದು ಕ್ಯಾಷ್ ಡಿಸ್ಕೌಂಟು. ಮಾಲು ಇಳಿಸಿದ ದಿನವೇ ಪೂರ್ತಿ ದುಡ್ಡು ಕೊಟ್ಟರೆ ಮಾತ್ರ” ಅಂದರು. ನೋಡಿ, ಇಲ್ಲಿ ಪ್ಲಸ್‌ಗೆ ಅರ್ಥ ಇದೆ. ಮೊದಲನೆಯದು ಎಲ್ಲರಿಗೂ, ಎರಡನೆಯದು ಷರತ್ತಿನ ಮೇಲೆ. ಎರಡನ್ನೂ ಬೇರೆ ಬೇರೆ ಬರೆಯಲೇಬೇಕು.

ನನಗೆ ಮನೆ ಸಾಲದ ಕಂತಿನ ದುಡ್ಡು ಕೈಗೆ ಬರೋಕೆ ಇನ್ನೂ ಇಪ್ಪತ್ತು ದಿನ ಇತ್ತು. ಐದು ತಪ್ಪಿದರೆ ಅವರ ಬಿಲ್ 55 ಪೈಸೆಯಲ್ಲೇ ನಿಂತು 44,000 ಆಗುತ್ತಿತ್ತು. ಮೊದಲನೆಯವರಿಗೆ ಫೋನ್ ಮಾಡಿ ಕೇಳಿದೆ. ಅವರ ಹತ್ತಕ್ಕೆ ಷರತ್ತಿರಲಿಲ್ಲ, ತಿಂಗಳು ಬಿಟ್ಟು ಕೊಟ್ಟರೂ ಸರಿ ಅಂದರು. 43,200ಕ್ಕೆ ಅಲ್ಲೇ ತಂದೆ.