ಮೂರನೆಯ ಮಾತಿನ ಬಾಲ

"ಕುಕಿಂಗ್, ರೀಡಿಂಗ್ ಅಂಡ್ ವಾಕಿಂಗ್" ಎಂದು ಹೇಳಿ ಅಣ್ಣನ ಮಗಳು ಸುಮ್ಮನಾದಳು. ನಾನು ನಾಲ್ಕನೆಯದು ಬರಲೆಂದು ಕಾದೆ. ಅವಳು ಕಾಯುತ್ತಿದ್ದುದು ನನ್ನ ಮುಂದಿನ ಪ್ರಶ್ನೆಗೆ, ನಾನು ಕಾಯುತ್ತಿದ್ದುದು ಅವಳ ಮುಂದಿನ ಹವ್ಯಾಸಕ್ಕೆ. ತುಮಕೂರಿನ ನಮ್ಮ ಮನೆಯ ಊಟದ ಮೇಜಿನ ಆಚೆ ಈಚೆ ಕುಳಿತು, ನಡುವೆ ಹುರಿದ ಕಡಲೆಕಾಯಿಯ ತಟ್ಟೆಯಿಟ್ಟುಕೊಂಡು, ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ಸ್ವಲ್ಪ ಹೊತ್ತು ನೋಡುತ್ತಲೇ ಇದ್ದೆವು. ಕೊನೆಗೆ ಅವಳೇ, "ಮುಗೀತಲ್ಲ ಚಿಕ್ಕಪ್ಪ, ಮುಂದಿನದು ಕೇಳಿ" ಎಂದಳು. ಮುಗಿದದ್ದು ಅವಳ ಮನಸ್ಸಿನಲ್ಲಿ; ದನಿಯಲ್ಲಿ ಮುಗಿದಿರಲಿಲ್ಲ. 'ವಾಕಿಂಗ್' ಎಂಬ ಮಾತಿನ ಬಾಲ ಇನ್ನೂ ಮೇಲಕ್ಕೆ ಎದ್ದೇ ಇತ್ತು.

ಅವಳು ತಿಪಟೂರಿನ ಹುಡುಗಿ, ನರ್ಸಿಂಗ್ ಓದಿದವಳು. ಹೊರದೇಶದ ಕೆಲಸಕ್ಕೆಂದು ಐಇಎಲ್‌ಟಿಎಸ್ ಪರೀಕ್ಷೆ ಬರೆಯಲು ಹೊರಟಿದ್ದಳು. 'ಬರೆಯಲು' ಎಂದೆನಾದರೂ ಅದರಲ್ಲಿ ಮಾತನಾಡುವ ಭಾಗವೂ ಒಂದಿದೆ: ಪರೀಕ್ಷಕರ ಎದುರು ಕುಳಿತು 11ರಿಂದ 14 ನಿಮಿಷ ಇಂಗ್ಲಿಷಿನಲ್ಲಿ ಮಾತನಾಡಬೇಕು. ಅಂಕ ಕೊಡುವಾಗ ನಿರರ್ಗಳತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ ಎಂಬ ನಾಲ್ಕನ್ನೂ ಸಮನಾಗಿ ತೂಗುತ್ತಾರೆ. ದನಿಯ ಏರಿಳಿತ ಬರುವುದು ಈ ಕೊನೆಯದರಲ್ಲಿ. ನಾನು ಇಂಗ್ಲಿಷ್ ಮೇಷ್ಟರಾಗಿ ನಿವೃತ್ತನಾದವನಾದ್ದರಿಂದ ಪರೀಕ್ಷಕನ ವೇಷ ನನ್ನ ಪಾಲಿಗೆ ಬಂದಿತ್ತು. ಅವಳ ಪದಗಳಲ್ಲಿಯೂ ವ್ಯಾಕರಣದಲ್ಲಿಯೂ ತಪ್ಪು ಹುಡುಕುವುದು ಕಷ್ಟವಾಗಿತ್ತು. ತೊಡಕು ಇದ್ದದ್ದು ಈ ಬಾಲದಲ್ಲಿ.

ಇಂಗ್ಲಿಷಿನಲ್ಲಿ ಪಟ್ಟಿಯೊಂದನ್ನು ಹೇಳುವಾಗ ಪ್ರತಿಯೊಂದು ಹೆಸರಿನ ಕೊನೆಯಲ್ಲಿ ದನಿ ಸ್ವಲ್ಪ ಏರುತ್ತದೆ, ಕಟ್ಟಕಡೆಯದರಲ್ಲಿ ಇಳಿಯುತ್ತದೆ. ಏರುವುದೆಂದರೆ 'ಇನ್ನೂ ಇದೆ, ತಾಳಿ' ಎಂದು. ಇಳಿಯುವುದೆಂದರೆ 'ಇಷ್ಟೇ' ಎಂದು. ಕಡೆಯದನ್ನೂ ಏರಿಸಿಬಿಟ್ಟರೆ ಪಟ್ಟಿ ಬಾಗಿಲು ತೆರೆದುಕೊಂಡು ನಿಲ್ಲುತ್ತದೆ: ಇವು ಉದಾಹರಣೆಗೆ ಹೇಳಿದವು, ಇನ್ನೂ ಹಲವಿವೆ ಎಂಬ ಅರ್ಥ ಬರುತ್ತದೆ. ಬೇಕೆಂದೇ ಹಾಗೆ ಹೇಳಿದರೆ ಅದೇನೂ ತಪ್ಪಲ್ಲ. ಆದರೆ ಹಾಗೆ ಹೇಳಿ ಬಾಯಿ ಮುಚ್ಚಿಕೊಂಡರೆ ಎದುರಿಗಿದ್ದವರು ಕಾಯುತ್ತಾರೆ, ಆ ಕಾಯುವಿಕೆ ಮಾತು ತಡವರಿಸಿದಂತೆ ಕೇಳಿಸುತ್ತದೆ, ಉಚ್ಚಾರಣೆಯ ತಪ್ಪು ಹೋಗಿ ನಿರರ್ಗಳತೆಯ ತಲೆಯ ಮೇಲೆ ಕೂರುತ್ತದೆ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು. ಮೊದಲ ಹೆಸರಿನಲ್ಲಿಯೇ ದನಿಯನ್ನು ನೆಲಕ್ಕೆ ಮುಟ್ಟಿಸಿದರೆ ಉತ್ತರ ಮುಗಿಯಿತೆಂದು ಪರೀಕ್ಷಕರು ಮುಂದಿನ ಪ್ರಶ್ನೆಗೆ ಬಾಯಿ ತೆರೆಯುತ್ತಾರೆ, ಅಷ್ಟರಲ್ಲಿ ಇವಳು ಎರಡನೆಯದನ್ನು ಹೇಳಲು ಹೊರಟಿರುತ್ತಾಳೆ.

ಹಾಗೆಂದು ಈ ರಾಗ ನಮಗೆ ಗೊತ್ತಿಲ್ಲದ್ದೇನಲ್ಲ. ತುಮಕೂರಿನ ಬಸ್ ನಿಲ್ದಾಣದಲ್ಲಿ ಅರಸೀಕೆರೆ ಬಸ್ಸಿನ ಕಂಡಕ್ಟರು ಬಾಗಿಲ ಬಳಿ ನಿಂತು "ಗುಬ್ಬಿ, ನಿಟ್ಟೂರು, ತಿಪಟೂರು, ಅರಸೀಕೆರೆ" ಎಂದು ಕೂಗುವುದನ್ನು ಕೇಳಿದರೆ ಸಾಕು. ಮೊದಲಿನ ಮೂರು ಊರುಗಳು ಮೆಟ್ಟಿಲೇರಿದಂತೆ ಮೇಲೆ ನಿಲ್ಲುತ್ತವೆ, ಅರಸೀಕೆರೆಯ 'ರೆ' ಕೆಳಗಿಳಿದು ಕೂರುತ್ತದೆ. ಬಸ್ಸು ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲವೆಂದು ಬೋರ್ಡು ಓದದವರಿಗೂ ತಿಳಿಯುತ್ತದೆ. ಅದೇ ಬಸ್ಸಿನಲ್ಲಿ ಹತ್ತಾರು ಸಲ ಬಂದುಹೋದ ಹುಡುಗಿ ಪರೀಕ್ಷೆಯ ಮಾತಿನಲ್ಲಿ ಏಕೆ ತಪ್ಪಿದಳು? ನನ್ನ ಊಹೆ ಇಷ್ಟು: ಅವಳು ಪಟ್ಟಿ ಹೇಳುತ್ತಿರಲಿಲ್ಲ, ಒಪ್ಪಿಗೆ ಕೇಳುತ್ತಿದ್ದಳು. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವಾಗ ನಮ್ಮ ಮಕ್ಕಳ ಮಾತಿನ ತುದಿಯಲ್ಲಿ 'ಸರಿನಾ ಸಾರ್?' ಎಂಬುದೊಂದು ಅಡಗಿ ಕುಳಿತಿರುತ್ತದೆ. ಬಾಯಿಂದ ಬರದಿದ್ದರೂ ದನಿಯಲ್ಲಿ ಬಂದೇ ಬರುತ್ತದೆ. ಆ ಅಭ್ಯಾಸವನ್ನು ಮಾಡಿಸಿದವರಲ್ಲಿ ನಾನೂ ಒಬ್ಬನಾದ್ದರಿಂದ ಅವಳನ್ನು ಬಯ್ಯಲು ಬಾಯಿ ಬರಲಿಲ್ಲ.

ಪ್ರಶ್ನೆಗಳ ವಿಷಯಕ್ಕೆ ಬಂದರೆ ಕಥೆ ಬೇರೆ. ಅಲ್ಲಿ ಕನ್ನಡವು ದನಿಯನ್ನು ಹೆಚ್ಚು ದುಡಿಸಿಕೊಳ್ಳುವುದಿಲ್ಲ. ಪದದ ತುದಿಗೆ ಒಂದಕ್ಷರ ಅಂಟಿಸಿ ಕೆಲಸ ಮುಗಿಸುತ್ತದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕೈತೊಳೆದು ಬಂದವರನ್ನು ಹೋಟೆಲಿನ ಹುಡುಗ "ಕಾಫಿನಾ, ಟೀನಾ?" ಎಂದು ಕೇಳಿದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, "ಕಾಫಿ ಟೀ ಏನಾದರೂ ಬೇಕಾ?" ಎಂದರೆ ಬೇಕು ಅಥವಾ ಬೇಡ ಎನ್ನಬೇಕು. ಎಷ್ಟೇ ಸಪ್ಪೆಯಾಗಿ ಕೇಳಿದರೂ ಇವೆರಡು ಕಲಸಿಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ವಾಕ್ಯ ಒಂದೇ: "ವುಡ್ ಯು ಲೈಕ್ ಟೀ ಆರ್ ಕಾಫಿ?" 'ಟೀ' ಏರಿ 'ಕಾಫಿ' ಇಳಿದರೆ ಆಯ್ಕೆ, ಎರಡೂ ಏರಿದರೆ ಕುಡಿಯಲು ಏನಾದರೂ ಬೇಕೇ ಎಂಬ ಉಪಚಾರ. ಅಣ್ಣನ ಮಗಳಿಗೆ ನಾನು "ಡು ಯು ಸ್ಟಡಿ ಇನ್ ದ ಮಾರ್ನಿಂಗ್ ಆರ್ ಇನ್ ದಿ ಈವ್ನಿಂಗ್?" ಎಂದು ಕೊನೆಯನ್ನು ಇಳಿಸಿಯೇ ಕೇಳಿದೆ, ಅವಳು "ಎಸ್" ಎಂದಳು. ವಾಕ್ಯ 'ಡು ಯು' ಎಂದು ಆರಂಭವಾಯಿತೆಂಬುದಷ್ಟೇ ಅವಳ ಕಿವಿಗೆ ಬಿದ್ದಿತ್ತು. ಇನ್ನು 'ಪ್ರಶ್ನೆಯೆಂದರೆ ದನಿ ಏರಿಸಬೇಕು' ಎಂಬ ಪಾಠವನ್ನು ಅವಳಿಗೆ ಯಾರು ಹೇಳಿಕೊಟ್ಟಿದ್ದರೋ, ಅದು ಅರ್ಧ ಮಾತ್ರ ಸರಿ. ಹೌದು ಅಲ್ಲ ಎಂಬ ಉತ್ತರ ಬೇಡುವವು ಸಾಮಾನ್ಯವಾಗಿ ಏರುತ್ತವೆ. ವಾಟ್, ವೈ, ವೇರ್ ಎಂದು ಆರಂಭವಾಗುವವು ಸಾಮಾನ್ಯವಾಗಿ ಇಳಿಯುತ್ತವೆ.

ಪರೀಕ್ಷೆಯಲ್ಲಿ ಅಭ್ಯರ್ಥಿಯು ಪ್ರಶ್ನೆ ಕೇಳುವ ಸಂದರ್ಭ ಕಡಿಮೆ; ಕೇಳಿದರೆ ಅದು ಬಹುಮಟ್ಟಿಗೆ ಒಂದೇ ಪದ, 'ಸಾರಿ'. ಏರಿಸಿ ಹೇಳಿದರೆ ಅದು 'ಏನಂದಿರಿ?', ಇಳಿಸಿ ಹೇಳಿದರೆ 'ಕ್ಷಮಿಸಿ, ಗೊತ್ತಿಲ್ಲ'. ಪ್ರಶ್ನೆ ಕೇಳಿಸದ ಹುಡುಗಿ ತಲೆತಗ್ಗಿಸಿ ಇಳಿದನಿಯಲ್ಲಿ 'ಸಾರಿ' ಎಂದರೆ, ಪರೀಕ್ಷಕರು ಕ್ಷಮಾಪಣೆಯನ್ನು ಸ್ವೀಕರಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಈ ಒಂದು ಪದವನ್ನು ನಾವು ಒಂದು ಇಡೀ ಸಂಜೆ ಹೇಳಿದೆವು. ಪಕ್ಕದ ಮನೆಯವರು ಯಾವುದೋ ಜಗಳ ರಾಜಿಯಾಗುತ್ತಿದೆಯೆಂದು ತಿಳಿದಿದ್ದರಂತೆ.

ಭೇದವನ್ನು ತೋರಿಸುವಾಗಲಂತೂ ನಮ್ಮ ನುಡಿಯ ಅನುಕೂಲವೇ ನಮಗೆ ಅಡ್ಡ ಬರುತ್ತದೆ. ಕನ್ನಡದವರಿಗೆ ಒತ್ತು ಬೇಕಾದಲ್ಲಿ 'ಏ' ಇದೆ: ನಾನೇ ಹೋದೆ, ಗುಬ್ಬಿಗೇ ಹೋದೆ. ಸಂಬಂಧಗಳಿಗಂತೂ ಪದಗಳೇ ಬೇರೆ ಬೇರೆ: ಅಕ್ಕ ಮೇಡಮ್ಮು, ತಂಗಿ ನರ್ಸು ಎಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ಇಬ್ಬರೂ 'ಸಿಸ್ಟರ್' ಆದ್ದರಿಂದ ಭೇದವೆಲ್ಲ 'ಎಲ್ಡರ್', 'ಯಂಗರ್' ಎಂಬ ಎರಡು ಪದಗಳ ಹೆಗಲೇರುತ್ತದೆ, ದನಿಯೂ ಅಲ್ಲಿಯೇ ಏಳಬೇಕು. "ಮೈ ಎಲ್ಡರ್ ಸಿಸ್ಟರ್ ಈಸ್ ಎ ಟೀಚರ್, ಮೈ ಯಂಗರ್ ಸಿಸ್ಟರ್ ಈಸ್ ಎ ನರ್ಸ್" ಎನ್ನುವಾಗ ಎರಡನೆಯ 'ಸಿಸ್ಟರ್' ಆಗಲೇ ಗೊತ್ತಿರುವ ಸಂಗತಿ. ಅದನ್ನು ಬಾಯಿ ಮುಟ್ಟಿಯೂ ಮುಟ್ಟದಂತೆ ದಾಟಿಹೋಗಬೇಕು. ಅವಳು ಎರಡು ಸಲವೂ 'ಸಿಸ್ಟರ್' ಮೇಲೆಯೇ ಭಾರ ಹಾಕಿದಳು. ಹಾಗಾಗಿ ಬೇರೆ ಇನ್ನಾರದೋ ಮನೆಯ ಸಿಸ್ಟರ್ ಒಬ್ಬಳು ಹೊಸದಾಗಿ ಪ್ರವೇಶಿಸಿದಂತೆ ಕೇಳಿಸಿತು.

ಇದೇ ಜಾತಿಯ ಇನ್ನೊಂದು ವಾಕ್ಯ ನನಗೆ ಬಹಳ ಪ್ರಿಯವಾದದ್ದು: "ಐ ಡೋಂಟ್ ಲೆಂಡ್ ಮೈ ಬುಕ್ಸ್ ಟು ಎನಿಬಡಿ." 'ಎನಿಬಡಿ'ಯಲ್ಲಿ ದನಿ ಸುಮ್ಮನೆ ಇಳಿದರೆ, ನಾನು ಪುಸ್ತಕಗಳನ್ನು ಯಾರಿಗೂ ಕೊಡುವುದಿಲ್ಲ. ಅದೇ 'ಎನಿ'ಯಲ್ಲಿ ಇಳಿದು ಕೊನೆಯ 'ಡಿ'ಯಲ್ಲಿ ಮತ್ತೆ ಕೊಂಚ ಏರಿದರೆ, ನಾನು ಪುಸ್ತಕಗಳನ್ನು ಸಿಕ್ಕಸಿಕ್ಕವರಿಗೆಲ್ಲ ಕೊಡುವುದಿಲ್ಲ. ಅಂದರೆ ಕೆಲವರಿಗೆ ಕೊಡುತ್ತೇನೆ. ಜಿಪುಣನಿಗೂ ಜಾಣನಿಗೂ ನಡುವೆ ಒಂದು ಸಣ್ಣ ಏರು. ಕನ್ನಡವು 'ಯಾರಿಗೂ' ಎಂದೊಂದು, 'ಸಿಕ್ಕಸಿಕ್ಕವರಿಗೆಲ್ಲ' ಎಂದೊಂದು ಬೇರೆ ಪದ ಇಟ್ಟುಕೊಂಡಿದೆಯಾದ್ದರಿಂದ ಇಂತಹ ಇಳಿದೇರುವ ದನಿಯನ್ನು ಹುಡುಕಿ ಹೋಗುವ ಅಗತ್ಯ ನಮಗೆ ಬಿದ್ದದ್ದು ಕಡಿಮೆ. ಪರೀಕ್ಷೆಯ ಮೂರನೆಯ ಭಾಗದಲ್ಲಿ ಹಳ್ಳಿ ಪಟ್ಟಣ, ಹಿಂದೆ ಈಗ ಎಂದು ತೂಗಿ ಮಾತನಾಡಬೇಕಾದಾಗ ಮಾತ್ರ ಅದಿಲ್ಲದಿದ್ದರೆ ಮಾತು ಮೊಂಡಾಗುತ್ತದೆ. ಆದರೆ ಅದನ್ನು ಕಲಿತ ಹುರುಪಿನಲ್ಲಿ ಅವಳು ವಾರವಿಡೀ ಪ್ರತಿ ಪದವನ್ನೂ ಉಯ್ಯಾಲೆಗೆ ಹಾಕಿದ್ದು ಅದಕ್ಕಿಂತ ಕೆಟ್ಟದಾಗಿತ್ತು. ಎಲ್ಲವನ್ನೂ ಎತ್ತಿ ತೋರಿಸಿದರೆ ಎತ್ತಿ ತೋರಿಸಿದ್ದು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ.

ತನ್ನ ದನಿ ಏರಿತೋ ಇಳಿಯಿತೋ ಎಂಬುದು ಮಾತನಾಡುವವರಿಗೆ ತಿಳಿಯುವುದಿಲ್ಲ. ಅವಳಂತೂ ಇಳಿಸಿದೆನೆಂದೇ ವಾದಿಸುತ್ತಿದ್ದಳು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ರೂಪಿಸಿ ಉಚಿತವಾಗಿ ಕೊಟ್ಟಿರುವ Praat ಎಂಬ ತಂತ್ರಾಂಶದಲ್ಲಿ ಧ್ವನಿಮುದ್ರಣವನ್ನು ತೆರೆದರೆ ದನಿಯ ಮಟ್ಟ ಒಂದು ಗೆರೆಯಾಗಿ ಕಾಣುತ್ತದೆ. 'ವಾಕಿಂಗ್' ಎಂಬಲ್ಲಿ ಅವಳ ಗೆರೆ 210 ಹರ್ಟ್ಸ್‌ನಿಂದ 270ಕ್ಕೆ ಹತ್ತಿದ್ದನ್ನು ಕಂಡ ಮೇಲೆ ವಾದ ನಿಂತಿತು. ಅಭ್ಯಾಸದ ನಂತರ ಅದು 170ರ ಆಸುಪಾಸಿಗೆ ಇಳಿದು ಅಲ್ಲಿಯೇ ಕಡಿದುಹೋಯಿತು. ಮುದ್ರಣ ಕೆಟ್ಟಿತೆಂದು ಅವಳು ಗಾಬರಿಯಾದಳು, ಕೆಟ್ಟಿರಲಿಲ್ಲ. ದನಿ ಚೆನ್ನಾಗಿ ಇಳಿದಾಗ ಕೊನೆಯಲ್ಲಿ ಗೊರಗೊರ ಎನ್ನುತ್ತದೆ, ಕಂಪನ ಕ್ರಮ ತಪ್ಪುತ್ತದೆ, ಯಂತ್ರಕ್ಕೆ ಅಳೆಯಲು ಏನೂ ಸಿಕ್ಕುವುದಿಲ್ಲ. ಕಂಪ್ಯೂಟರ್ ಇಲ್ಲದ ದಿನಗಳಲ್ಲಿ ನಾವು ಪದಗಳನ್ನು ಬಿಟ್ಟು ಬಾಯಿ ಮುಚ್ಚಿ 'ಹೂಂ ಹೂಂ ಹೂಂ' ಎಂದು ವಾಕ್ಯವನ್ನು ಗುನುಗುತ್ತಿದ್ದೆವು. ಈಗಲೂ ಅದೇ ಮೇಲೆಂದು ನನ್ನ ಅಭಿಪ್ರಾಯ. ಅರ್ಥ ಮರೆಯಾದೊಡನೆ ರಾಗ ಕಿವಿಗೆ ಬೀಳುತ್ತದೆ.

ಪರೀಕ್ಷೆ ಮುಗಿಸಿ ಹೊರಬಂದವಳು ಫೋನ್ ಮಾಡಿದಳು. 'ಸಾರಿ'ಯನ್ನು ಏರಿಸಿಯೇ ಹೇಳಿದಳಂತೆ, ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದರಂತೆ. ಹವ್ಯಾಸಗಳ ಪ್ರಶ್ನೆಯೂ ಬಂದಿತ್ತು. "ಕುಕಿಂಗ್ ಏರಿಸಿದೆ ಚಿಕ್ಕಪ್ಪ, ರೀಡಿಂಗೂ ಏರಿಸಿದೆ. ಅಷ್ಟರಲ್ಲಿ ಮೂರನೆಯದು ಮರೆತೇ ಹೋಯಿತು." ಎರಡನ್ನು ಏರಿಸಿ ನಿಂತಾಗಿತ್ತು, ಎದುರಿಗಿದ್ದವರು ಕಾಯುತ್ತಿದ್ದರು, ಇಳಿಯಲು ಒಂದು ಪದ ಬೇಕೇ ಬೇಕಿತ್ತು. ಹೂಕುಂಡಕ್ಕೆ ಒಂದು ತಂಬಿಗೆ ನೀರು ಹಾಕಿ ಗೊತ್ತಿಲ್ಲದ ಹುಡುಗಿ ನೀಟಾಗಿ ದನಿ ಇಳಿಸಿ "ಅಂಡ್ ಗಾರ್ಡನಿಂಗ್" ಎಂದುಬಿಟ್ಟಳು. ಪರೀಕ್ಷಕರು ಅಷ್ಟೇ ನೀಟಾಗಿ, ಇಳಿದನಿಯಲ್ಲಿ, "ವೈ?" ಎಂದರಂತೆ.