ಮಗಳ ಇನ್‌ಸ್ಟಾಗ್ರಾಂನಲ್ಲಿ ನನಗೆ ಕಾಣುವುದು ಹೆಸರು ಮಾತ್ರ

ಹೋದ ವಾರ ತಂಗಿ ಫೋನ್ ಮಾಡಿದ್ದಳು. ಮಗನ ಮೊಬೈಲ್ ಲಾಕ್ ನಂಬರ್ ಗೊತ್ತಾಗಿದೆಯಂತೆ. ಅವನು ಮಲಗಿದ ಮೇಲೆ ಚಾಟ್ ಎಲ್ಲ ಓದುತ್ತಾಳಂತೆ. "ಬೇಡ ಕಣೇ" ಎಂದೆ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇದೇ ಗೊಂದಲ ಬಹಳ ಮನೆಗಳಲ್ಲಿದೆ.

ಹದಿನೆಂಟರೊಳಗಿನ ಮಕ್ಕಳಿಗೆ ಇನ್‌ಸ್ಟಾಗ್ರಾಂ 2024ರಲ್ಲಿ ಟೀನ್ ಅಕೌಂಟ್ ತಂದಿತು. ನಮ್ಮ ದೇಶಕ್ಕೆ ಬಂದದ್ದು 2025ರಲ್ಲಿ. ಇದರಲ್ಲಿ ಮಗು ಫಾಲೋ ಮಾಡುವವರು, ಮೊದಲೇ ಸಂಪರ್ಕದಲ್ಲಿರುವವರು ಮಾತ್ರ ಮೆಸೇಜ್ ಕಳಿಸಬಹುದು. ಹೊಡೆದಾಟದಂಥ ವಿಡಿಯೋಗಳು ಕಣ್ಣಿಗೆ ಬೀಳುವುದು ಕಡಿಮೆ. ಹದಿನಾರರೊಳಗಿನವರು ಇದನ್ನು ಸಡಿಲ ಮಾಡಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು.

ಸಮಯದ ವಿಷಯದಲ್ಲಿ ನಾನೂ ಮೋಸ ಹೋಗಿದ್ದೆ. ದಿನಕ್ಕೆ 60 ನಿಮಿಷ ಆದಾಗ ಬರುವುದು ಬರೀ ನೆನಪಿನ ಸೂಚನೆ. ಅದನ್ನು ದಾಟಿ ಮುಂದೆ ನೋಡಬಹುದು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನ ಸ್ಲೀಪ್ ಮೋಡ್ ಕೂಡ ನೋಟಿಫಿಕೇಶನ್ ಸದ್ದು ನಿಲ್ಲಿಸುತ್ತದೆ, ಆ್ಯಪ್ ಮುಚ್ಚುವುದಿಲ್ಲ. ನಿಜವಾಗಿ ಮುಚ್ಚಬೇಕಾದರೆ ನಾವು ನಮ್ಮ ಅಕೌಂಟಿನಿಂದ ಸೂಪರ್‌ವಿಷನ್, ಅಂದರೆ ಮಗುವಿನ ಅಕೌಂಟ್ ಮೇಲೆ ಅಪ್ಪ ಅಮ್ಮ ಕಣ್ಣಿಡುವ ಸೌಲಭ್ಯ, ಶುರು ಮಾಡಿ, ಮಿತಿಯನ್ನು ನಾವೇ ಹಾಕಬೇಕು.

ಆ ಸೂಪರ್‌ವಿಷನ್‌ನಲ್ಲೇ ನನಗೆ ಬಹಳ ಇಷ್ಟವಾದದ್ದು ಒಂದು ಪಟ್ಟಿ. ಕಳೆದ 7 ದಿನಗಳಲ್ಲಿ ಮಗಳು ಯಾರ ಜೊತೆ ಚಾಟ್ ಮಾಡಿದಳು ಅಂತ ಹೆಸರು ಕಾಣುತ್ತದೆ. ಏನು ಮಾತಾಡಿದರು ಅನ್ನೋದು ಕಾಣುವುದೇ ಇಲ್ಲ.

ಒಂದು ಸಂಜೆ ಆ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರಿತ್ತು. ಇಬ್ಬರೂ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು. "ಇದ್ಯಾರು ಪುಟ್ಟಿ?" ಅಂತ ಕೇಳಿದೆ, ಅಷ್ಟೇ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಗೆಳತಿಯ ಪರಿಚಯದ ಹುಡುಗ, ತಾನೇ ಫಾಲೋ ಮಾಡಿದ್ದೆ, ಈಗ ಫೋಟೋ ಕಳಿಸು ಅಂತ ಪೀಡಿಸುತ್ತಾನೆ ಎಂದಳು. ಅಲ್ಲೇ ನನ್ನೆದುರು ಬ್ಲಾಕ್ ಮಾಡಿದಳು. ಕದ್ದು ಓದಿದ್ದರೆ ನನಗೆ ವಿಷಯ ಗೊತ್ತಾಗುತ್ತಿತ್ತು, ನಿಜ. ಆದರೆ ಅವಳು ಬಾಯಿ ಬಿಡುತ್ತಿದ್ದಳಾ? ಮೊದಲು ಪಾಸ್‌ವರ್ಡ್ ಬದಲಾಯಿಸುತ್ತಿದ್ದಳು.

ಕೊರತೆಯೂ ಇದೆ. ನಮ್ಮ ಮನೆಯಲ್ಲಿ ಶುರುವಿಗೆ ಇದ್ಯಾವುದೂ ಕೆಲಸ ಮಾಡಲಿಲ್ಲ. ಅಕೌಂಟ್ ಮಾಡುವಾಗ ಅವಳು ಹುಟ್ಟಿದ ವರ್ಷ ಸುಳ್ಳು ಕೊಟ್ಟಿದ್ದಳು, ಆ್ಯಪ್ ಲೆಕ್ಕದಲ್ಲಿ ದೊಡ್ಡವಳಾಗಿದ್ದಳು. ಹಾಗಾಗಿ ಮೊದಲು ಅಕೌಂಟಿನ ಸೆಟ್ಟಿಂಗ್ಸ್‌ನಲ್ಲಿ ಹುಟ್ಟಿದ ದಿನಾಂಕ ನೋಡಿ. ಗುಟ್ಟಾಗಿ ಎರಡನೇ ಅಕೌಂಟ್ ತೆರೆದಿದ್ದರೆ ಅದೂ ಈ ಪಟ್ಟಿಗೆ ಬರುವುದಿಲ್ಲ. ವಾಟ್ಸಾಪ್ ಮಾತಂತೂ ಇದರ ಹೊರಗೆ.

ಇನ್ನೊಂದು, ನಾವು ಕಳಿಸಿದ ಕೋರಿಕೆಯನ್ನು ಮಗು ಒಪ್ಪಿದರೆ ಮಾತ್ರ ಸೂಪರ್‌ವಿಷನ್ ಶುರುವಾಗುತ್ತದೆ. ಮಗು ಅದನ್ನು ನಿಲ್ಲಿಸಿದರೆ ನಮಗೆ ಸೂಚನೆ ಬರುತ್ತದೆ. ಕದ್ದು ಮಾಡುವ ದಾರಿಯೇ ಇಲ್ಲ, ನನಗೆ ಅದೇ ಸರಿ ಅನಿಸಿದ್ದು.

ತಂಗಿ ಭಾನುವಾರ ಬರುತ್ತಾಳೆ. ಮಗನನ್ನೂ ಕರೆದುಕೊಂಡು ಬಾ, ಅವನ ಮುಂದೆಯೇ ಕೂತು ಮಾಡೋಣ ಎಂದಿದ್ದೇನೆ.